ಸಹಾಯ ಬೇಕು: ನಷ್ಟದ ಚೀಟಿಯ ಕೊನೆಯ ಸಾಲು
ನಿಫ್ಟಿ ಆಪ್ಷನ್ ಮಾರಾಟದಲ್ಲಿ ನನ್ನ 12 ಲಕ್ಷ ರೂಪಾಯಿ 7.8 ಲಕ್ಷಕ್ಕೆ ಇಳಿದಿದೆ. ಬಾಯಿಬಿಟ್ಟು ಹೇಳಲು ಹೋದರೆ ಮಾತು ತಡವರಿಸುತ್ತದೆ. ಹಾಗಾಗಿ ಹೆಂಡತಿಗೆ ಚೀಟಿ ಬರೆಯುತ್ತಿದ್ದೇನೆ.

‘ಹೋದದ್ದು ಶೇ 35. ಮೊದಲಿನ ಮೊತ್ತ ಮುಟ್ಟಲು ಉಳಿದ ಹಣದ ಮೇಲೆ ಶೇ 54ರಷ್ಟು ಲಾಭ ಬೇಕು. ಬೇಗ ಬರುತ್ತದೆ ಎಂದು ನಂಬಿಸುವುದಿಲ್ಲ. ಮನೆ ಸಾಲದ ಕಂತಿನ ಹಣಕ್ಕೆ ನಾನು ಕೈ ಹಾಕಿಲ್ಲ. ಇನ್ನು ಮಾರುವ ಪ್ರತಿ ಆಪ್ಷನ್‌ಗೆ 100 ಅಂಶ ದೂರದ ಇನ್ನೊಂದನ್ನು ಕೊಂಡಿಡುತ್ತೇನೆ. ಸೂಚ್ಯಂಕ ರಾತ್ರೋರಾತ್ರಿ ಜಿಗಿದರೆ ಸ್ಟಾಪ್‌ಲಾಸ್ ಕಾಪಾಡುವುದಿಲ್ಲ, ಈ ಜೋಡಿ ಕಾಪಾಡುತ್ತದೆ. 7 ಲಕ್ಷಕ್ಕೆ ಇಳಿದರೆ ನಿಲ್ಲಿಸುತ್ತೇನೆ.’

ಸಿಕ್ಕಿಹಾಕಿಕೊಂಡಿರುವುದು ಆ ಕೊನೆಯ ಸಾಲಿನಲ್ಲಿ. ಬ್ರೋಕರ್ ಆಪ್‌ನಲ್ಲಿ ಆಪ್ಷನ್ ವಿಭಾಗ ಮುಚ್ಚಿ ನೋಡಿದೆ; ಮತ್ತೆ ತೆರೆಯುವವನೂ ನಾನೇ! ಖಾತೆಗೆ ಹೊಸ ಹಣ ಹಾಕಲು ಅವಳ ಒಪ್ಪಿಗೆ ಬೇಕೆಂದು ಬರೆಯಲೇ, ಅಥವಾ ಅದು ಅವಳ ತಲೆಗೆ ಹೊರೆ ಕಟ್ಟಿದಂತಾಗುತ್ತದೆಯೇ?