ಒಣ ಅವರೆಕಾಳು 12 ಕೂಗು ಕೂಗಿಸಿದ್ರೂ ಬೇಯ್ತಾನೇ ಇಲ್ಲ, ಏನ್ ಮಾಡ್ಲಿ?

ಮುದ್ದೆಸಾರು_ಚಿಂತಾಮಣಿ
ತಲೆ ಕೆಟ್ಟೋಗಿದೆ. ಒಣ ಅವರೆಕಾಳು ಕುಕ್ಕರ್‌ಗೆ ಹಾಕಿ 6 ಕೂಗು ಕೂಗಿಸ್ದೆ, ತೆಗೆದು ನೋಡಿದ್ರೆ ಕಲ್ಲು, ಮತ್ತೆ ಮುಚ್ಚಿ ಇನ್ನೊಂದ್ 6 ಕೂಗು, ಆಗಲೂ ಹಲ್ಲಿಗೆ ಕಟಕಟ ಅಂತಿದೆ. ಮುದ್ದೆ ತೊಳಸಿ ತಟ್ಟೆಗಿಟ್ಟಾಯ್ತು, ಸಾರಲ್ಲಿ ಕಾಳು ಮಾತ್ರ ಗೋಲಿ ಥರ ಉರುಳ್ತಿತ್ತು. ಕುಕ್ಕರ್ 5 ಲೀಟರ್‌ದು. ಗ್ಯಾಸ್ ಖರ್ಚು ಬೇರೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಕುಕ್ಕರ್_ರಿಪೇರಿ_ಶಿರಾ
ಗ್ಯಾಸ್ಕೆಟ್ ಹೋಗಿದೆ ಗುರು. ಕಣ್ಮುಚ್ಕೊಂಡು ಹೇಳ್ತೀನಿ. ರಬ್ಬರ್ ಸಡಿಲ ಆದ್ರೆ ಪಕ್ಕದಿಂದ ಹಬೆ ಸೋರುತ್ತೆ, ಒಳಗೆ ಪ್ರೆಶರ್ ಕಟ್ಟಲ್ಲ. ಮೊದ್ಲು ಗ್ಯಾಸ್ಕೆಟ್ ಬದಲಾಯಿಸು, ಆಮೇಲೆ ವೆಯ್ಟ್ ತೂತಲ್ಲಿ ಸೂಜಿ ಹಾಕಿ ಕ್ಲೀನ್ ಮಾಡು.

ತಿಪಟೂರು_ಕೊಬ್ಬರಿ
ಉಪ್ಪು ಮೊದ್ಲೇ ಹಾಕಿರ್ತೀರ. ಕಾಳಿಗೆ ಉಪ್ಪು ಮೊದ್ಲು ಹಾಕಿದ್ರೆ ಬೇಯಲ್ಲ, ಇದು ನಮ್ಮಜ್ಜಿ ಕಾಲದಿಂದ ಗೊತ್ತಿರೋ ವಿಷ್ಯ. ಬೆಂದ ಮೇಲೆ ಉಪ್ಪು.

ಮುದ್ದೆಸಾರು_ಚಿಂತಾಮಣಿ
ಗುರು ಅಲ್ಲ ಕಣಪ್ಪ, ಅಕ್ಕ ಅನ್ನು. ಗ್ಯಾಸ್ಕೆಟ್ ನಿನ್ನೆ ಹೊಸದು ತಂದು ಹಾಕ್ದೆ, 180 ರೂಪಾಯಿ. ಇವತ್ತೂ ಅದೇ ಕಥೆ.

ಕುಕ್ಕರ್_ರಿಪೇರಿ_ಶಿರಾ
ಸಾರಿ ಅಕ್ಕ. ಹಂಗಾದ್ರೆ ವೆಯ್ಟ್. ಲೋಕಲ್ ವೆಯ್ಟ್ ಹಗುರ ಇರುತ್ತೆ, ಬೇಗ ಬೇಗ ಕೂಗುತ್ತೆ, ಒಳಗೆ ಶಾಖ ಸಾಲಲ್ಲ. ನನ್ ಹತ್ರ ಮೂರು ಕುಕ್ಕರ್ ಇದಾವೆ, 3 ಲೀಟರ್ ಸ್ಟೀಲ್, 5 ಲೀಟರ್ ಅಲ್ಯುಮಿನಿಯಂ, ಮದುವೆ ಮನೆಗೆ ಅಂತ 20 ಲೀಟರ್ ಒಂದು, ಮೂರರಲ್ಲೂ ವೆಯ್ಟ್ ಒರಿಜಿನಲ್. ಇಪ್ಪತ್ತು ಲೀಟರ್‌ದ್ರಲ್ಲಿ ಹುರುಳಿ ಬೇಯಿಸಿದ್ರೆ ಬೆಣ್ಣೆ.

ಬೀಜದಂಗಡಿ_ಮಾಲೂರು
ಅಕ್ಕ, ಕುಕ್ಕರ್ ಬಗ್ಗೆ ಇಷ್ಟು ಮಾತಾಯ್ತು, ಕಾಳಿನ ಬಗ್ಗೆ ಯಾರೂ ಕೇಳ್ಲಿಲ್ಲ. ಕಾಳು ಯಾವ ವರ್ಷದ್ದು? ಎಲ್ಲಿಟ್ಟಿದ್ರಿ? ನೆನೆ ಹಾಕಿದ್ರಾ, ಯಾವ ನೀರಲ್ಲಿ? ಬೇಯಿಸೋವಾಗ ಜೊತೆಗೆ ಇನ್ನೇನೇನು ಹಾಕಿದ್ರಿ?

ಮುದ್ದೆಸಾರು_ಚಿಂತಾಮಣಿ
ನೆನೆ ಹಾಕ್ದೆ ಇರ್ತೀವಾ, ರಾತ್ರಿಯೆಲ್ಲಾ ನೆನೆದಿದೆ. ಬೋರ್ ನೀರು, ಮನೇಲಿ ಬರೋದೇ ಅದು. ಕಾಳು ಅತ್ತೆ ಮನೆ ಹೊಲದ್ದು, ಒಳ್ಳೆ ಕಾಳು, ಹುಳ ಕೂಡ ಬಿದ್ದಿಲ್ಲ. ಹೋದ ವರ್ಷ ಅಲ್ಲ ಅದರ ಹಿಂದಿನ ವರ್ಷ ಸಂಕ್ರಾಂತಿ ಆದ್ಮೇಲೆ ಕೊಟ್ಟಿದ್ರು, ಚೀಲದಲ್ಲಿ ಅಟ್ಟದ ಮೇಲಿತ್ತು. ಮೇಲೆ ಶೀಟು. ಟೊಮ್ಯಾಟೊ ಎರಡು, ಸ್ವಲ್ಪ ಹುಣಸೆ ಹುಳಿ ಕಾಳಿನ ಜೊತೆಗೇ ಹಾಕಿದ್ದೆ, ಸಾರು ಒಂದೇ ಸಲ ಆಗ್ಲಿ ಅಂತ.

ಬೀಜದಂಗಡಿ_ಮಾಲೂರು
ಇದನ್ನ ಮೊದಲ ದಿನಾನೇ ಹೇಳಿದ್ರೆ 180 ರೂಪಾಯಿ ಉಳೀತಿತ್ತು ಅಕ್ಕ. ಎರಡು ಬೇಸಿಗೆ ಶೀಟಿನ ಕೆಳಗೆ ಬೆಂದು, ನಡುವೆ ಮಳೆಗಾಲದ ತೇವನೂ ಕುಡಿದಿರೋ ಕಾಳು ಅದು. ಹುಳ ಬೀಳ್ದೆ ಇರೋದಕ್ಕೂ ಬೇಯೋದಕ್ಕೂ ಸಂಬಂಧ ಇಲ್ಲ.

ಬೇಯೋದು ಅಂದ್ರೆ ಏನು ನೋಡಿ. ಕಾಳಿನ ಒಳಗೆ ಸಣ್ಣ ಸಣ್ಣ ಕೋಶ ಇದಾವೆ, ಅವನ್ನ ಒಂದಕ್ಕೊಂದು ಅಂಟಿಸಿರೋದು ಪೆಕ್ಟಿನ್ ಅನ್ನೋ ಗೋಂದು. ಬಿಸಿಗೆ ಆ ಗೋಂದು ಕರಗಿದ್ರೆ ಕಾಳು ಬೆರಳಲ್ಲಿ ಹಿಸುಕಿದ್ರೆ ಪೇಸ್ಟ್ ಆಗುತ್ತೆ. ಕಾಳಲ್ಲೇ ಸುಣ್ಣದ ಅಂಶ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ, ಹೊಸ ಕಾಳಲ್ಲಿ ಅದನ್ನ ಫೈಟೇಟ್ ಅನ್ನೋದು ಹಿಡ್ಕೊಂಡಿರುತ್ತೆ. ಬಿಸಿ, ತೇವ ಎರಡೂ ಇರೋ ಕಡೆ ತಿಂಗಳುಗಟ್ಟಲೆ ಇಟ್ರೆ ಆ ಹಿಡಿತ ಬಿಟ್ಟೋಗಿ ಕ್ಯಾಲ್ಸಿಯಂ ಹೋಗಿ ಗೋಂದನ್ನ ಬಿಗಿ ಮಾಡುತ್ತೆ. ಆಮೇಲೆ ಎಷ್ಟು ಕೂಗಿಸಿದ್ರೂ ಕೋಶ ಬಿಡಿಸ್ಕೊಳ್ಳಲ್ಲ. ಅದರ ಮೇಲೆ ನಮ್ಮ ಕಡೆ ಬೋರ್ ನೀರು ಸೌಳು, ಅದ್ರಲ್ಲೂ ಅದೇ ಕ್ಯಾಲ್ಸಿಯಂ. ಹುಳಿ ಹಾಕಿದ್ರೆ ಗೋಂದು ಇನ್ನೂ ನಿಧಾನಕ್ಕೆ ಕರಗುತ್ತೆ. ಮೂರೂ ಸೇರಿ ಬಂದಿವೆ ನಿಮ್ಮ ಪಾತ್ರೆಗೆ.

ಆದ್ರೂ ಊಹೆ ಬೇಡ, ನೋಡೇ ಬಿಡೋಣ. 100 ಕಾಳು ಎಣಿಸಿ 12 ಗಂಟೆ ನೆನೆ ಹಾಕಿ. ಬೆಳಿಗ್ಗೆ ಊದದೇ ಹಾಗೇ ಉಳ್ಕೊಂಡಿರೋವು ಎಷ್ಟು, ಚೆನ್ನಾಗಿ ಊದಿರೋವು ಎಷ್ಟು, ಹೇಳಿ. ಊದದೇ ಇರೋದ್ರ ಕಾಯಿಲೆ ಬೇರೆ, ಊದಿಯೂ ಬೇಯದೇ ಇರೋದ್ರ ಕಾಯಿಲೆ ಬೇರೆ.

ನಂದಿಬೆಟ್ಟ_ರೈಡರ್
ಎತ್ತರದ ಸಮಸ್ಯೆ ಇರ್ಬೋದಲ್ವಾ? ಎತ್ತರದಲ್ಲಿ ನೀರು 100 ಡಿಗ್ರಿಗೆ ಮುಂಚೆನೇ ಕುದಿಯುತ್ತೆ. ನಂದಿ ಬೆಟ್ಟ 1478 ಮೀಟರ್, ಹೋದ ತಿಂಗಳು ಬೈಕಲ್ಲಿ ಹೋಗಿ ಮೇಲೆ ಮ್ಯಾಗಿ ಮಾಡಿದ್ವಿ, ಬೇಯೋಕೆ ಎಷ್ಟೊತ್ತು ಗೊತ್ತಾ.

ತಿಪಟೂರು_ಕೊಬ್ಬರಿ
ಚಿಂತಾಮಣಿ ನಂದಿ ಬೆಟ್ಟದ ಮೇಲಿಲ್ಲ ತಮ್ಮಾ.

ಬೀಜದಂಗಡಿ_ಮಾಲೂರು
ತೆರೆದ ಪಾತ್ರೆ ಆದ್ರೆ ನಮ್ಮ ಕಡೆ 97ರ ಹತ್ರ ಕುದಿಯುತ್ತೆ, ಅದು ನಿಜ. ಕುಕ್ಕರ್ ಒಳಗೆ 120ರ ಆಸುಪಾಸು ಹೋಗುತ್ತೆ, ಅಲ್ಲಿ ಈ ಲೆಕ್ಕ ದೊಡ್ಡದಲ್ಲ.

ಸಾಫ್ಟ್ನರ್_ಕೆಜಿಎಫ್
ನಮ್ಮನೇಲಿ ವಾಟರ್ ಸಾಫ್ಟ್ನರ್ ಹಾಕ್ಸಿದೀನಿ, ಜೊತೆಗೆ ಆರ್‌ಒ, ಟಿಡಿಎಸ್ ಮೀಟರ್ ಕೂಡ ಇದೆ. ಬೋರ್ 940 ತೋರ್ಸುತ್ತೆ, ಆರ್‌ಒ 45. ನಿಮ್ಮದು ಎಷ್ಟು ಚೆಕ್ ಮಾಡಿ. ಮೀಟರ್ ಇಲ್ಲದೆ ಕಾಳು ಬೇಯಿಸೋದು ಕತ್ತಲಲ್ಲಿ ಗಾಡಿ ಓಡಿಸಿದಂಗೆ.

ಕುಕ್ಕರ್_ರಿಪೇರಿ_ಶಿರಾ
ಟಿಡಿಎಸ್ ಅಂದ್ರೆ ಎಲ್ಲಾ ಲವಣ ಸೇರಿಸಿ ಲೆಕ್ಕ ಅಣ್ಣ, ಅದ್ರಲ್ಲಿ ಸುಣ್ಣ ಎಷ್ಟು ಅಂತ ಮೀಟರ್ ಹೇಳಲ್ಲ. ಸಾಫ್ಟ್ನರ್ ನೀರಿಗೆ ಮೀಟರ್ ಇಟ್ಟು ನೋಡು, ಹೆಚ್ಚುಕಮ್ಮಿ ಅದೇ 940 ತೋರ್ಸುತ್ತೆ, ಸುಣ್ಣ ಹೋಗಿ ಸೋಡಿಯಂ ಬಂದಿರುತ್ತೆ ಅಷ್ಟೆ.

ಸಾಫ್ಟ್ನರ್_ಕೆಜಿಎಫ್
32 ಸಾವಿರ ಕೊಟ್ಟು ಹಾಕ್ಸಿದೀನಿ, ನಂಗೆ ಗೊತ್ತಿಲ್ವಾ.

ಬೀಜದಂಗಡಿ_ಮಾಲೂರು
ಶಿರಾ ಅಣ್ಣ ಹೇಳಿದ್ದು ಸರಿ. ಮೀಟರ್ ಬೇಡ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತಾ, ಸೋಪು ನೊರೆ ಬರಲ್ವಾ, ಅಷ್ಟು ಸಾಕು.

ಮುದ್ದೆಸಾರು_ಚಿಂತಾಮಣಿ
ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತೆ. ಎಣಿಸ್ದೆ. 100ರಲ್ಲಿ 7 ಊದೇ ಇಲ್ಲ, ಹಾಕಿದ ಹಾಗೇ ಇದಾವೆ. ಮಿಕ್ಕ 93 ಡಬಲ್ ಆಗಿವೆ. ಬೇಯಿಸಿದ ಮೇಲೆ ಆ 93ರದ್ದು ಹಿಸುಕಿದ್ರೆ ಸಿಪ್ಪೆ ಬಿಟ್ಟು ಒಳಗೆ ರವೆ ಥರ ತರಿ ತರಿ, ಪೇಸ್ಟ್ ಆಗ್ತಿಲ್ಲ.

ಬೀಜದಂಗಡಿ_ಮಾಲೂರು
ಅಲ್ಲಿಗೆ ಗೊತ್ತಾಯ್ತು. ಆ 7 ಸಿಪ್ಪೆ ನೀರನ್ನ ಒಳಗೆ ಬಿಡದೇ ಇರೋವು, ಆರಿಸಿ ತೆಗೀರಿ, ಅಥವಾ ಕುದಿಯೋ ನೀರು ಸುರಿದು ಒಂದು ಗಂಟೆ ಬಿಟ್ರೆ ಅದ್ರಲ್ಲಿ ಕೆಲವು ಬಾಯಿ ಬಿಡುತ್ತವೆ. ನಿಮ್ಮ ತಲೆನೋವು 93ರದ್ದು. ನೀರು ಕುಡಿದಿದೆ, ಆದ್ರೂ ಬೇಯಲ್ಲ. ಅದು ವಯಸ್ಸಾದ ಕಾಳು.

ಈಗ ನಾಲ್ಕು ಬಟ್ಟಲು. ಒಂದಕ್ಕೆ ಹಳೇ ಕಾಳು ಬೋರ್ ನೀರು. ಎರಡನೇದಕ್ಕೆ ಹಳೇ ಕಾಳು ಆರ್‌ಒ ಫಿಲ್ಟರ್ ನೀರು. ಮೂರನೇದಕ್ಕೆ ಹಳೇ ಕಾಳು, ಫಿಲ್ಟರ್ ನೀರು, ಲೀಟರಿಗೆ 15 ಗ್ರಾಂ ಪುಡಿ ಉಪ್ಪು, ಅಂದ್ರೆ ಊಟದ ಚಮಚದಲ್ಲಿ ಸುಮಾರು ಒಂದು. ನಾಲ್ಕನೇದು ಅಂಗಡಿಯಿಂದ ಈ ಸಲದ ಹೊಸ ಅವರೆಕಾಳು ಒಂದು ಹಿಡಿ ತಂದು, ನಿಮ್ಮ ಬೋರ್ ನೀರಲ್ಲೇ. ರಾತ್ರಿಯಿಡೀ ನೆನೆದ್ಮೇಲೆ ಎಲ್ಲಾ ನೀರೂ ಚೆಲ್ಲಿ, ತೊಳೆದು, ಯಾವ್ಯಾವ ಬಟ್ಟಲಿಗೆ ಯಾವ ನೀರೋ ಅದೇ ಥರದ ಹೊಸ ನೀರು ಹಾಕಿ, ಬೇಯಿಸೋವಾಗ ಯಾವುದಕ್ಕೂ ಉಪ್ಪು ಬೇಡ. ಕುಕ್ಕರ್ ಡಬ್ಬಿಗಳಲ್ಲಿ ಒಟ್ಟಿಗೆ ಇಡಿ. ಕೂಗು ಎಣಿಸ್ಬೇಡಿ, ಮೊದಲ ಕೂಗಾದ್ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ ಗಡಿಯಾರ ನೋಡಿ. ಹುಳಿ ಹಾಕ್ಬೇಡಿ.

ತಿಪಟೂರು_ಕೊಬ್ಬರಿ
ಉಪ್ಪು ನೀರಲ್ಲಿ ನೆನೆ ಹಾಕೋದಾ? ನಮ್ಮಜ್ಜಿ ಕೇಳಿದ್ರೆ ಸೌಟಲ್ಲಿ ಹೊಡೀತಿದ್ರು.

ಬೀಜದಂಗಡಿ_ಮಾಲೂರು
ಉಪ್ಪಿನ ಸೋಡಿಯಂ ಸಿಪ್ಪೆ ಹತ್ರ ಇರೋ ಕ್ಯಾಲ್ಸಿಯಂ ತಳ್ಳಿ ಜಾಗ ಹಿಡಿಯುತ್ತೆ ಅಣ್ಣ, ಗೋಂದು ಸಡಿಲ ಆಗುತ್ತೆ. ಕಾಳು ಬೇಯೋಕೆ ನಿಜವಾಗ್ಲೂ ಅಡ್ಡಿ ಮಾಡೋದು ಹುಳಿ. ಉಪ್ಪು, ಹುಳಿ ಎರಡೂ ಕೊನೇಲಿ ಹಾಕೋ ರೂಢಿ ಇದ್ದಿದ್ರಿಂದ ಉಪ್ಪಿಗೂ ಕೆಟ್ಟ ಹೆಸರು ಬಂದಿರ್ಬೇಕು ಅಂತ ನನ್ನ ಅಂದಾಜು.

ತಿಪಟೂರು_ಕೊಬ್ಬರಿ
ಅಜ್ಜಿ ಹಾಕ್ತಿದ್ದಿದ್ದು ಕಲ್ಲುಪ್ಪು, ಪುಡಿ ಉಪ್ಪಲ್ಲ. ಕಲ್ಲುಪ್ಪಲ್ಲಿ ಬೇರೆ ಲವಣಾನೂ ಇರುತ್ತಲ್ಲ, ಮೆಗ್ನೀಸಿಯಂ ಎಲ್ಲಾ. ಅದಕ್ಕೇನು ಹೇಳ್ತೀರ?

ರಾಜ್ಮಾ_ಲವರ್_ತುಮಕೂರು
ನಂದೂ ಸೇಮ್ ಪ್ರಾಬ್ಲಮ್, ಆದ್ರೆ ರಾಜ್ಮಾ. ಸ್ಲೋ ಕುಕ್ಕರಲ್ಲಿ ರಾತ್ರಿ ಇಟ್ಟು ಮಲಗ್ತೀನಿ, ಬೆಳಿಗ್ಗೆ ಅರ್ಧ ಗಟ್ಟಿ. ಆದ್ರೂ ತಿಂತೀವಿ, ಟೇಸ್ಟ್ ಚೆನ್ನಾಗಿರುತ್ತೆ.

ಬೀಜದಂಗಡಿ_ಮಾಲೂರು
ಅಯ್ಯೋ ಹಂಗೆ ತಿನ್ಬೇಡಿ. ಅರೆಬೆಂದ ಕೆಂಪು ರಾಜ್ಮಾದಲ್ಲಿ ವಿಷದ ಅಂಶ ಉಳಿದಿರುತ್ತೆ, ವಾಂತಿ ಭೇದಿ ಶುರುವಾಗುತ್ತೆ. ಸ್ಲೋ ಕುಕ್ಕರ್ ಶಾಖ ಅದಕ್ಕೆ ಸಾಲಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕಡಿಮೆ ಅಂದ್ರೂ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಏನಾದ್ರೂ ಮಾಡ್ಕೊಳ್ಳಿ, ಅಥವಾ ನೆಟ್ಟಗೆ ಕುಕ್ಕರಲ್ಲೇ ಬೇಯಿಸಿ.

ಮುದ್ದೆಸಾರು_ಚಿಂತಾಮಣಿ
ಮಾಡ್ದೆ. ಮನೆಯವರು ಅಡುಗೆಮನೆ ಲ್ಯಾಬ್ ಆಯ್ತು ಅಂತ ನಗ್ತಿದ್ರು. ಒಂದನೇ ಬಟ್ಟಲು ಹಳೇದೇ ಕಥೆ, ತರಿ. ಎರಡನೇದು ಒಂಚೂರು ವಾಸಿ ಅಷ್ಟೆ. ಮೂರನೇದು, ಉಪ್ಪು ನೀರಿಂದು, ಸಿಪ್ಪೆ ಮೆತ್ತಗೆ, ಒಳಗೂ ಮುಕ್ಕಾಲು ಪಾಲು ಬೆಂದಿದೆ, ಹತ್ತು ಕಾಳು ಹಿಸುಕಿದ್ರೆ ಎರಡು ಮೂರು ತರಿ. ನಾಲ್ಕನೇದು ಹೊಸ ಕಾಳು, ಅದೇ ಬೋರ್ ನೀರು, ಅದೇ ಕುಕ್ಕರ್, ಬೆಣ್ಣೆ ಥರ ಬೆಂದೋಗಿದೆ!!

ಬೀಜದಂಗಡಿ_ಮಾಲೂರು
ಹಂಗಾದ್ರೆ ಕುಕ್ಕರ್ ಸರಿ ಇದೆ, ನೀರು ಅರ್ಧ ಆರೋಪಿ, ದೊಡ್ಡ ಆರೋಪಿ ಅಟ್ಟ. ಉಳಿದಿರೋ ಹಳೇ ಕಾಳಿಗೆ ಉಪ್ಪು ನೀರಲ್ಲಿ ನೆನೆ ಹಾಕಿ, ಬೇಯಿಸೋವಾಗ ಕಾಲು ಕೆಜಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಅದಕ್ಕಿಂತ ಜಾಸ್ತಿ ಬೇಡ, ಸೋಪಿನ ರುಚಿ ಬರುತ್ತೆ, ಬಿ ವಿಟಮಿನ್ನೂ ಸ್ವಲ್ಪ ಹೋಗುತ್ತೆ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡಿ, ನೊರೆ ಬಂದು ವೆಯ್ಟ್ ತೂತು ಕಟ್ಕೊಳ್ಳುತ್ತೆ. ಸಾರಿನ ಹುಳಿ ಕಾಳು ಬೆಂದ ಮೇಲೆ. ಸೋಡಾಗೂ ಬಗ್ಗದೇ ಇದ್ರೆ ಸಿಪ್ಪೆ ತೆಗೆದು ಬೇಳೆ ಮಾಡ್ಸಿ, ತೆಳ್ಳಗಾದ್ರೆ ಬೇಗ ಬೇಯುತ್ತೆ.

ಕುಕ್ಕರ್_ರಿಪೇರಿ_ಶಿರಾ
ವೆಯ್ಟ್ ತೂತು ಕ್ಲೀನ್ ಮಾಡು ಅಂತ ನಾನು ಮೊದಲ್ನೇ ದಿನಾನೇ ಹೇಳಿದ್ದೆ.

ಮುದ್ದೆಸಾರು_ಚಿಂತಾಮಣಿ
ಹೇಳಿದ್ದೆ ಕಣಪ್ಪ. ಗ್ಯಾಸ್ಕೆಟ್ ವಾಪಸ್ ತಗೊಳಲ್ಲ ಅಂದ್ರು ಅಂಗಡಿಯವ್ರು. ಇನ್ನೂ 4 ಕೆಜಿ ಇದೆ ಅಟ್ಟದ ಮೇಲೆ, ಈ ಸಲದ್ದು 5 ಕೆಜಿ ಅತ್ತೆ ಮೊನ್ನೆ ತಾನೇ ಕಳ್ಸಿದಾರೆ. ಹೊಸದನ್ನ ಎಲ್ಲಿಡ್ಲಿ ಈಗ?

ಬೀಜದಂಗಡಿ_ಮಾಲೂರು
ಕೆಳಗೆ, ತಂಪಿರೋ ರೂಮಲ್ಲಿ. ಎರಡು ದಿನ ಬಿಸಿಲಿಗೆ ಹರಡಿ, ಆರಿದ ಮೇಲೆ ಗಾಳಿ ಹೋಗದ ಡ್ರಮ್ಮಿಗೆ ತುಂಬಿ. ಬಿಸಿ ಇರೋವಾಗ್ಲೇ ತುಂಬಿದ್ರೆ ಒಳಗೆ ಬೆವರುತ್ತೆ. ಮುಂದಿನ ಅವರೆ ಬರೋ ಹೊತ್ತಿಗೆ ಖಾಲಿ ಮಾಡಿ.

ತಿಪಟೂರು_ಕೊಬ್ಬರಿ
ಕಲ್ಲುಪ್ಪಿನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ.

ನಂದಿಬೆಟ್ಟ_ರೈಡರ್
ಅಕ್ಕ ಹಳೇ ಕಾಳು 4 ಕೆಜಿ ಬೇಡ ಅಂದ್ರೆ ನಂಗೆ ಕೊಡಿ, ಬೆಟ್ಟದ ಮೇಲೆ ಟ್ರೈ ಮಾಡ್ತೀವಿ.