ಸಹಾಯ ಬೇಕು: ಸರ್ವಿಸ್ ಕಂಪನಿಯೋ, ಪ್ರಾಡಕ್ಟ್ ಕಂಪನಿಯೋ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಈ ವರ್ಷ ಬಿ.ಇ. ಮುಗಿಸಿದೆ. ಕೈಯಲ್ಲಿ ಎರಡು ಆಫರ್ ಇವೆ, ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಒಂದು ದೊಡ್ಡ ಸರ್ವಿಸ್ ಕಂಪನಿ, ವರ್ಷಕ್ಕೆ 3.6 ಲಕ್ಷ. ಪಿಎಫ್, ವೇರಿಯಬಲ್ ಎಲ್ಲ ಅದರಲ್ಲೇ ಸೇರಿದೆ. ಕೈಗೆ ಬರೋದು ತಿಂಗಳಿಗೆ ಸುಮಾರು 25 ಸಾವಿರ. ಮೂರು ತಿಂಗಳು ಜಾವಾ ಟ್ರೈನಿಂಗ್, ಆಮೇಲೆ ಪ್ರಾಜೆಕ್ಟ್ ಸಿಗುವವರೆಗೆ ಬೆಂಚ್. ನನಗೆ ಭಯ ಇರೋದು ಇಲ್ಲೇ. ಅಲ್ಲಿರುವ ನಮ್ಮ ಕಾಲೇಜಿನ ಅಕ್ಕ ಒಬ್ಬರು ಐದು ತಿಂಗಳು ಬೆಂಚಲ್ಲಿದ್ದರು. ಸಂಬಳ ಬರ್ತಿತ್ತು, ಕೆಲಸ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ರಾತ್ರಿ ಪಾಳಿಯ ಸಪೋರ್ಟ್. ಟಿಕೆಟ್ ಬಂದರೆ ಲಾಗ್ ನೋಡಿ ಡೆವಲಪರ್ ಟೀಮಿಗೆ ಕಳಿಸೋದು, ಅಷ್ಟೇ. ಅವರದೇ ಬ್ಯಾಚಿನ ಇನ್ನೊಬ್ಬರಿಗೆ ಎರಡು ವರ್ಷದಲ್ಲಿ ಬ್ಯಾಂಕ್, ವಿಮೆ ಎರಡೂ ಪ್ರಾಜೆಕ್ಟ್ ಸಿಕ್ಕಿವೆ.

ಇನ್ನೊಂದು 30 ಜನರ ಪ್ರಾಡಕ್ಟ್ ಕಂಪನಿ, 5 ಲಕ್ಷ. ಮೊದಲ ತಿಂಗಳಿಂದಲೇ ಕೋಡ್ ಬರೆಯಬೇಕು, ಪ್ರತಿ ಬದಲಾವಣೆಯನ್ನೂ ಸೀನಿಯರ್ ರಿವ್ಯೂ ಮಾಡ್ತಾರೆ. ಕಲಿಕೆ ಜಾಸ್ತಿ ಅನ್ನಿಸ್ತಿದೆ. ಆದರೆ ಇರೋದು ಒಂದೇ ಪ್ರಾಡಕ್ಟ್, ಆರು ತಿಂಗಳು ಪ್ರೊಬೇಷನ್. ಎಲೆಚುಕ್ಕಿ ರೋಗದಿಂದ ಈ ಸಲ ನಮ್ಮ ಅಡಿಕೆ ಫಸಲು ಅರ್ಧ ಹೋಗಿದೆ. ಮಧ್ಯದಲ್ಲಿ ಕೆಲಸ ಹೋದರೆ ಮನೆಗೆ ಕಷ್ಟ.

ಬೆಂಚಲ್ಲಿದ್ದಾಗ ಡೆವಲಪ್‌ಮೆಂಟ್ ಪ್ರಾಜೆಕ್ಟೇ ಬೇಕು ಅಂತ ಕೇಳಿ ಪಡೆದವರು ಇದ್ದೀರಾ? ಸಪೋರ್ಟ್ ಬೇಡ ಅಂದರೆ ಏನಾಗುತ್ತೆ? ಸಣ್ಣ ಕಂಪನಿಗೆ ಸೇರುವ ಮುಂಚೆ ಏನೇನು ಕೇಳಿಕೊಳ್ಳಬೇಕು? ದಯವಿಟ್ಟು ತಿಳಿಸಿ.