ಹೈದರಾಬಾದ್ ಕಂಪನಿಯ ಆಫರ್ ಲೆಟರ್ ಫೋಟೊ: 4,20,000ದಲ್ಲಿ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?

ಸೇಡಂ ರಸ್ತೆಯ ಅಕ್ಕ:
ಕಲಬುರಗಿಯಲ್ಲಿ ಕೆಲಸ ಮಾಡುತ್ತಿರುವ ನನ್ನ ತಮ್ಮನಿಗೆ ಈಗ ಕೈಗೆ 17,000 ರೂಪಾಯಿ ಬರುತ್ತದೆ. ಹೈದರಾಬಾದಿನಿಂದ ಆಫರ್ ಬಂದಿದೆ. ಅವನು ಪತ್ರವನ್ನು ಮಡಿಸಿಟ್ಟು ಆಮೇಲೆ ಫೋಟೊ ತೆಗೆದಿದ್ದಾನೆ. ವಾರ್ಷಿಕ ಮೊತ್ತದ ಕಾಲಂ ಬಲಗಡೆ ಕತ್ತರಿಸಿಹೋಗಿದೆ. ತಿಂಗಳ ಕಾಲಂನಲ್ಲಿ ಕಾಣುವುದಿಷ್ಟು: ಬೇಸಿಕ್ 14,000, ಮನೆ ಬಾಡಿಗೆ ಭತ್ಯೆ 5,600, ವಿಶೇಷ ಭತ್ಯೆ 3,000, ಕಂಪನಿಯ ಪಿಎಫ್ 1,680, ಗ್ರಾಚ್ಯುಟಿ 673. ಕೆಳಗೆ ವರ್ಷಕ್ಕೆ ವೇರಿಯಬಲ್ 42,000, ವಿಮೆ 6,564, ಒಟ್ಟು 4,20,000. ನಾನು ಲೆಕ್ಕ ಹಾಕಿದರೆ ಕೈಗೆ 20,720 ಮಾತ್ರ ಬರುತ್ತಿದೆ. ಇಷ್ಟಕ್ಕೆ ಊರು ಬಿಡಬೇಕೇ?

ಭಾಲ್ಕಿ ಹುಡುಗ:
ಅಕ್ಕಾ, 4,20,000ವನ್ನು ಹನ್ನೆರಡರಿಂದ ಭಾಗಿಸಿದರೆ 35,000. ಅದರಲ್ಲಿ ಪಿಎಫ್ 1,680, ವೃತ್ತಿ ತೆರಿಗೆ 200 ಕಳೆಯಿರಿ. 33,120 ಬರುತ್ತದೆ. ಕಣ್ಣು ಮುಚ್ಚಿ ಸೇರಿಕೊಳ್ಳಲಿ.

ಲೆಕ್ಕದ ಮೇಷ್ಟ್ರು, ಯಾದಗಿರಿ:
ಇಬ್ಬರ ಲೆಕ್ಕವೂ ತಪ್ಪಿದೆ. ಮೊದಲು ಫೋಟೊ ವಿಷಯ. ತಿಂಗಳ ಐದು ಸಾಲುಗಳನ್ನು ಕೂಡಿಸಿದರೆ 24,953. ಹನ್ನೆರಡು ತಿಂಗಳಿಗೆ 2,99,436. ವೇರಿಯಬಲ್ ಮತ್ತು ವಿಮೆ ಸೇರಿಸಿದರೆ 3,48,000. ಪತ್ರದ ಒಟ್ಟು ಮೊತ್ತಕ್ಕೆ ಸರಿಯಾಗಿ 72,000 ಕಡಿಮೆ, ಎಂದರೆ ತಿಂಗಳಿಗೆ 6,000. ವ್ಯತ್ಯಾಸ ಹೀಗೆ ದುಂಡಗೆ ಬಂದಾಗ ಯಾವುದೋ ಒಂದು ಅಂಕಿಯನ್ನು ತಪ್ಪಾಗಿ ಓದಿರುವ ಸಾಧ್ಯತೆ ಹೆಚ್ಚು. ಮಡಿಕೆ ಯಾವ ಸಾಲಿನ ಮೇಲಿದೆ?

ಸೇಡಂ ರಸ್ತೆಯ ಅಕ್ಕ:
ವಿಶೇಷ ಭತ್ಯೆಯ ಮೇಲೆಯೇ ಇದೆ ಸರ್. ಈಗ ಬಿಡಿಸಿ ನೋಡಿದ. ಅದು 9,000.

ಲೆಕ್ಕದ ಮೇಷ್ಟ್ರು, ಯಾದಗಿರಿ:
ಹಾಗಿದ್ದರೆ ಬೇಸಿಕ್ ಮತ್ತು ಎರಡು ಭತ್ಯೆಗಳು ಸೇರಿ 28,600. ತಿಂಗಳ ಸಂಬಳ ಎಂದರೆ ಇದೇ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಇವು ಸಿಟಿಸಿಯಲ್ಲಿ, ಎಂದರೆ ಕಂಪನಿ ತೋರಿಸುವ ಒಟ್ಟು ವೆಚ್ಚದಲ್ಲಿ ಮಾತ್ರ ಕಾಣುತ್ತವೆ, ಬ್ಯಾಂಕ್ ಖಾತೆಗೆ ಬರುವುದಿಲ್ಲ. ಭಾಲ್ಕಿಯವರು ಅವನ್ನೂ ವೇರಿಯಬಲ್ಲನ್ನೂ ಸಂಬಳದೊಳಗೆ ಸೇರಿಸಿಕೊಂಡಿದ್ದಾರೆ. 28,600ರಲ್ಲಿ ತಮ್ಮನ ಪಾಲಿನ ಪಿಎಫ್ 1,680 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ 26,720. ವೃತ್ತಿ ತೆರಿಗೆ ಕೆಲಸ ಮಾಡುವ ರಾಜ್ಯದ್ದು. ಈ ಸಂಬಳಕ್ಕೆ ತೆಲಂಗಾಣದಲ್ಲಿಯೂ 200ವೇ. ವೇರಿಯಬಲ್ ಖಚಿತವಲ್ಲ, ಬಂದಾಗ ಎಣಿಸಿ, ಮನೆ ಖರ್ಚಿನ ಲೆಕ್ಕದಲ್ಲಿ ಹಿಡಿಯಬೇಡಿ.

ಎರಡನೆಯ ಪುಟದ ಫೋಟೊ ಹಾಕಿ. ಅದನ್ನು ಓದದೆ 26,720 ಎಂಬುದನ್ನು ಕೊನೆಯ ಮಾತು ಎನ್ನಲಾರೆ.

ಚಿಂಚೋಳಿ ತೊಗರಿ:
ನನಗೆ ಇಎಸ್‌ಐ ಅಂತ 0.75 ಶೇಕಡಾ ಕಡಿತವಾಗುತ್ತದೆ. ಅದನ್ನು ಯಾರೂ ಕಳೆದಿಲ್ಲವಲ್ಲ? ಕಲಬುರಗಿಯ ಇಎಸ್‌ಐ ಆಸ್ಪತ್ರೆಯಲ್ಲಿ ನಮ್ಮ ತಾಯಿಯ ಶಸ್ತ್ರಚಿಕಿತ್ಸೆ ಅದರಿಂದಲೇ ಆಯಿತು.

ಲೆಕ್ಕದ ಮೇಷ್ಟ್ರು, ಯಾದಗಿರಿ:
ತಿಂಗಳ ಸಂಬಳ 21,000 ಮೀರಿದವರನ್ನು ಹೊಸದಾಗಿ ಇಎಸ್‌ಐಗೆ ಸೇರಿಸುವುದಿಲ್ಲ, ಹೀಗಾಗಿ ಇಲ್ಲಿ ಆ ಕಡಿತವಿಲ್ಲ. ಆದರೆ ನೀವು ಒಳ್ಳೆಯ ಮಾತು ಎತ್ತಿದಿರಿ. ಅಕ್ಕಾ, ತಮ್ಮನಿಗೆ ಈಗ ಇಎಸ್‌ಐ ಇದೆಯೇ? ಅವನನ್ನೇ ಅವಲಂಬಿಸಿದ ತಂದೆತಾಯಿಗೆ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. 6,564ರ ವಿಮೆಯಲ್ಲಿ ಅವರ ಹೆಸರು ಇರುತ್ತದೆಯೋ ಇಲ್ಲವೋ ಕೇಳಲೇಬೇಕು.

ಸೇಡಂ ರಸ್ತೆಯ ಅಕ್ಕ:
ಇದೆ ಸರ್, ಅಮ್ಮನಿಗೆ ಸಕ್ಕರೆ ಕಾಯಿಲೆಯ ಔಷಧಿ ಅಲ್ಲಿಂದಲೇ ಬರುತ್ತದೆ. ಎರಡನೆಯ ಪುಟದಲ್ಲಿರುವುದು: ಮೊದಲ ಹನ್ನೆರಡು ತಿಂಗಳು ಸಂಬಳದಿಂದ 1,500 ಭದ್ರತಾ ಠೇವಣಿ, ಎರಡು ವರ್ಷದೊಳಗೆ ಬಿಟ್ಟರೆ 1,50,000 ಕಟ್ಟಬೇಕು, ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಒಪ್ಪಿಸಬೇಕು.

ಭಾಲ್ಕಿ ಹುಡುಗ:
ಬಾಂಡ್ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಹಿ ಮಾಡಿ, ಬೇಡವಾದಾಗ ಬಿಟ್ಟು ಬರಲಿ.

ಲೆಕ್ಕದ ಮೇಷ್ಟ್ರು, ಯಾದಗಿರಿ:
ಹಾಗೆ ಹೇಳಿ ಯಾರನ್ನೂ ಬಾವಿಗೆ ತಳ್ಳಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕು, ನೇಮಕಾತಿಗೆ ಆಗುವ ವೆಚ್ಚವನ್ನೂ ನ್ಯಾಯಾಲಯ ಪರಿಗಣಿಸಿತ್ತು. ಖಾಸಗಿ ಕಂಪನಿಯ ಮೊತ್ತ ಅದರ ನಿಜವಾದ ನಷ್ಟಕ್ಕೆ ತಕ್ಕದ್ದಲ್ಲ ಎಂದು ವಾದಿಸಲು ಅವಕಾಶವಿದೆ, ಆದರೆ ವಾದಿಸುವುದಕ್ಕೂ ವಕೀಲರು ಬೇಕು. ಯಾವ ತರಬೇತಿ, ಎಷ್ಟು ದಿನ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ಬರೆದು ಕೇಳಿ.

ನನಗೆ ಹೆಚ್ಚು ಅಂಜಿಕೆ ಇರುವುದು ಅಂಕಪಟ್ಟಿಗಳ ಬಗ್ಗೆ. ಪರಿಶೀಲಿಸಲು ಮೂಲ ಪ್ರತಿ ತೋರಿಸಿ, ನಕಲು ಕೊಟ್ಟು ಬರುವುದು ಸರಿ. ಒಪ್ಪಿಸಿಬಿಟ್ಟರೆ ಮುಂದಿನ ಕೆಲಸದ ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಇದೊಂದು ಷರತ್ತನ್ನು ತೆಗೆಯದಿದ್ದರೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ.

ಠೇವಣಿ ಕಳೆದರೆ ಮೊದಲ ವರ್ಷ ಕೈಗೆ 25,220. ಆ 18,000 ಯಾವಾಗ ಮರಳುತ್ತದೆ ಎಂದು ಪತ್ರದಲ್ಲಿ ಇದೆಯೇ?

ಸೇಡಂ ರಸ್ತೆಯ ಅಕ್ಕ:
ಇಲ್ಲ ಸರ್. ನಾಲ್ಕೂ ಪ್ರಶ್ನೆಗಳನ್ನು ಇಮೇಲ್ ಮಾಡಿಸಿದೆ. ಇಂದು ಉತ್ತರ ಬಂತು: ವಿಮೆ ನೌಕರನಿಗೆ ಮಾತ್ರ, ಠೇವಣಿ ಎರಡು ವರ್ಷದ ನಂತರ, ಬಾಂಡ್ ಮೊತ್ತ ಇಳಿಯುವುದಿಲ್ಲ. ಅಂಕಪಟ್ಟಿಯ ಬಗ್ಗೆ ‘ಬಂದಾಗ ಮಾತನಾಡೋಣ’ ಎಂದಿದ್ದಾರೆ. ಬರಹದಲ್ಲಿ ಕೊಡುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ ಎಂದು ಅವನಿಗೆ ಹೇಳಿದ್ದೇನೆ.